ಕೋಲೆಬಸವನಂತೆ ತಲೆಯಾಡಿಸಿದ ಕ್ಯಾಮೆರಾ

ನಮ್ಮ ಭಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತಪ್ಪಿಸಿಕೊಂಡ ಮಕ್ಕಳಿಗೆಂದು ತಮ್ಮ ಪಾಠವನ್ನು ವಿಡಿಯೊ ಮಾಡಿಡುವ ಅಭ್ಯಾಸ ಅವರಿಗಿದೆ. ತೊಂದರೆ ಏನೆಂದರೆ ಅವರು ಒಂದು ಕಡೆ ನಿಲ್ಲುವವರಲ್ಲ. ಪ್ರಮೇಯವನ್ನು ಬೋರ್ಡಿನ ಎಡತುದಿಯಲ್ಲಿ ಬರೆದು, ಆಕೃತಿಯನ್ನು ಬಲತುದಿಯಲ್ಲಿ ಎಳೆದು, ಸಾಧನೆ ಹೇಳುತ್ತ ಎರಡರ ನಡುವೆ ಓಡಾಡುತ್ತಾರೆ. ಸ್ಟ್ಯಾಂಡಿನ ಮೇಲೆ ಕೂತ ಫೋನಿನಲ್ಲಿ ಅರ್ಧ ಹೊತ್ತು ಅವರ ದನಿ ಮಾತ್ರ ಇರುತ್ತದೆ. ಫೋನನ್ನು ದೂರ ಇಟ್ಟರೆ ಬೋರ್ಡಿನ ಅಕ್ಷರ ಕಾಣುವುದಿಲ್ಲ. ‘ತಿರುಗಿಸೋಕೆ ಒಬ್ಬ ಹುಡುಗನ್ನ ನಿಲ್ಲಿಸಿದ್ರೆ ಅವನ ಪಾಠ ಹೋಗುತ್ತೆ ಕಣೋ, ನೀನೇ ಏನಾದ್ರೂ ಮಾಡಿಕೊಡು’ ಎಂದರು.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದು ಸಾಮಾನು ಹೊಂದಿಸಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು, ಅದಕ್ಕೆ ಹೊಂದುವ ಪುಟ್ಟ ಕ್ಯಾಮೆರಾ, ಎರಡು ಸರ್ವೋ ಮೋಟಾರು, ಅವೆರಡನ್ನೂ ಕೂರಿಸುವ ಪ್ಲಾಸ್ಟಿಕ್ ಚೌಕಟ್ಟು. ಕೆಳಗಿನ ಮೋಟಾರು ಕ್ಯಾಮೆರಾವನ್ನು ಎಡಬಲಕ್ಕೆ ತಿರುಗಿಸುತ್ತದೆ, ಅದು ಪ್ಯಾನ್. ಮೇಲಿನದು ತಲೆ ಎತ್ತಿ ಇಳಿಸುತ್ತದೆ, ಅದು ಟಿಲ್ಟ್. ಕೆಲಸ ಸುಲಭ ಅನ್ನಿಸಿತ್ತು. ಮೇಷ್ಟ್ರು ಚಿತ್ರದ ನಡುವಿನಿಂದ ಬಲಕ್ಕೆ ಸರಿದಿದ್ದರೆ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸು, ಎಡಕ್ಕೆ ಸರಿದಿದ್ದರೆ ಎಡಕ್ಕೆ. ಇದರಲ್ಲಿ ತಿಳಿಯದಿರುವುದು ಏನಿದೆ?

ಭಾನುವಾರ ಖಾಲಿ ತರಗತಿಯಲ್ಲಿ ಭಾವನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಸ್ವಿಚ್ಚು ಹಾಕಿದೆ. ಕ್ಯಾಮೆರಾ ಅವರತ್ತ ರಪ್ಪನೆ ತಿರುಗಿತು, ಅವರನ್ನು ದಾಟಿ ಆಚೆ ಹೋಯಿತು, ತಿರುಗಿ ಬಂತು, ಮತ್ತೆ ದಾಟಿತು. ಕೋಲೆಬಸವ ಕೇಳಿದ್ದಕ್ಕೆಲ್ಲ ಹೌದೌದೆಂದು ತಲೆಯಾಡಿಸಿದರೆ ಇದು ಅಲ್ಲ ಅಲ್ಲ ಎಂದು ಅಡ್ಡಡ್ಡ ಆಡಿಸುತ್ತಿತ್ತು. ‘ನಾನು ನಿಂತ್ರೂ ಇದು ನಿಲ್ಲಲ್ವಲ್ಲೋ’ ಎಂದರು ಭಾವ. ಆ ಮಾತಿನಲ್ಲೇ ರೋಗದ ಗುರುತಿತ್ತು. ಎದುರಿನ ವಸ್ತು ನಿಂತಿದ್ದರೂ ಹಿಂಬಾಲಿಸುವ ಕ್ಯಾಮೆರಾ ತೂಗಾಡುತ್ತಿದ್ದರೆ ತಪ್ಪು ಕಣ್ಣಿನಲ್ಲೂ ಇಲ್ಲ, ಮೋಟಾರಿನಲ್ಲೂ ಇಲ್ಲ. ಎರಡರ ನಡುವೆ ಕಳೆಯುವ ಹೊತ್ತಿನಲ್ಲಿದೆ.

ಚೌಕದೊಳಗಿನ ಮೇಷ್ಟ್ರು

ಮೊದಲು ಕಣ್ಣಿನ ವಿಷಯ. ಚಲಿಸುವ ವಸ್ತುವನ್ನು ಬೆನ್ನುಹತ್ತುವ ಪ್ರೋಗ್ರಾಮಿಗೆ ಟ್ರ್ಯಾಕರ್ ಎನ್ನುತ್ತಾರೆ. ಅದಕ್ಕೆ ಮನುಷ್ಯ ಎಂದರೇನು, ಮೇಷ್ಟ್ರು ಎಂದರೇನು ಎಂಬುದೆಲ್ಲ ಗೊತ್ತಿಲ್ಲ. ಮೊದಲ ಚಿತ್ರದಲ್ಲಿ ನಾವು ಒಂದು ಚೌಕ ಎಳೆದು ‘ಇದನ್ನು ನೋಡಿಕೋ’ ಎನ್ನುತ್ತೇವೆ. ಚೌಕದೊಳಗಿನ ಬಣ್ಣ, ಅಂಚು, ನೆರಳುಗಳ ಚಹರೆಯನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಚಿತ್ರದಲ್ಲಿ ಹಳೆಯ ಚೌಕದ ಆಸುಪಾಸಿನಲ್ಲಷ್ಟೇ ಹುಡುಕಿ, ಆ ಚಹರೆ ಎಲ್ಲಿ ಹೆಚ್ಚು ಹೊಂದುತ್ತದೋ ಅಲ್ಲಿಗೆ ಚೌಕವನ್ನು ಸರಿಸುತ್ತದೆ. ಬಳಿಕ ಹೊಸ ಚಹರೆಯನ್ನೂ ಹಳೆಯದರ ಜೊತೆ ಒಂದಿಷ್ಟು ಬೆರೆಸಿಕೊಳ್ಳುತ್ತದೆ, ಯಾಕೆಂದರೆ ಮೇಷ್ಟ್ರು ತಿರುಗುತ್ತಾರೆ, ಬಾಗುತ್ತಾರೆ, ಕೈ ಎತ್ತುತ್ತಾರೆ.

ಈ ಬಗೆಯ ಟ್ರ್ಯಾಕರುಗಳಿಗೆ ಹೊಸ ಜೀವ ಬಂದದ್ದು 2010ರಲ್ಲಿ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಬೋಲ್ಮೆ ಮತ್ತು ಸಂಗಡಿಗರು ‘ಮೊಸ್ಸೆ’ ಎಂಬ ವಿಧಾನ ಪ್ರಕಟಿಸಿದರು. ಸಾಧಾರಣ ಕಂಪ್ಯೂಟರಿನಲ್ಲೇ ಅದು ಸೆಕೆಂಡಿಗೆ 669 ಚಿತ್ರಗಳನ್ನು ನೋಡಿ ಮುಗಿಸುತ್ತಿತ್ತು. ಪೋರ್ಚುಗಲ್ಲಿನ ಕೊಯಿಂಬ್ರಾದಲ್ಲಿ ಹುಟ್ಟಿದ ಕೆಸಿಎಫ್, 2017ರಲ್ಲಿ ಸ್ಲೊವೇನಿಯಾದ ಲ್ಯುಬ್ಲಿಯಾನಾದಿಂದ ಬಂದ ಸಿಎಸ್‌ಆರ್‌ಟಿ ಅದರ ತಮ್ಮಂದಿರು. ಮೂರೂ ಓಪನ್‌ಸಿವಿ ಎಂಬ ಉಚಿತ ತಂತ್ರಾಂಶದಲ್ಲಿ ಸಿಗುತ್ತವೆ. ಹೊಸಬರು ಸಾಮಾನ್ಯವಾಗಿ ಸಿಎಸ್‌ಆರ್‌ಟಿ ಆರಿಸಿಕೊಳ್ಳುತ್ತಾರೆ, ಅದು ಹೆಚ್ಚು ನಿಖರ ಎಂದು ಎಲ್ಲ ಕಡೆ ಹೇಳಿರುವುದರಿಂದ. ನಾನೂ ಅದನ್ನೇ ಹಾಕಿದ್ದೆ. ಆದರೆ ಅದು ನಿಧಾನಿ. ನಿಂತ ಕ್ಯಾಮೆರಾದ ಚಿತ್ರದಲ್ಲಿ ನಿಧಾನಿಯಾದರೆ ನಷ್ಟವಿಲ್ಲ, ತಿರುಗುವ ಕ್ಯಾಮೆರಾದಲ್ಲಿ ನಷ್ಟವಿದೆ. ಚೌಕ ಎರಡು ಪಿಕ್ಸೆಲ್ ಅತ್ತಿತ್ತ ಆದರೂ ಚಿಂತೆಯಿಲ್ಲ, ಉತ್ತರ ಬೇಗ ಬರಬೇಕು. ಕೆಸಿಎಫ್‌ಗೆ ಬದಲಿಸಿದ್ದೇ ತೂಗಾಟ ಅರ್ಧದಷ್ಟು ಇಳಿಯಿತು, ಬೇರೆ ಏನನ್ನೂ ಮುಟ್ಟದೆ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

‘ಹಳೆಯ ಚೌಕದ ಆಸುಪಾಸಿನಲ್ಲಷ್ಟೇ ಹುಡುಕುತ್ತದೆ’ ಎಂದೆನಲ್ಲ, ಈ ಮಾತನ್ನು ನೆನಪಿಡಬೇಕು. ಕೆಸಿಎಫ್ ಹುಡುಕುವ ಜಾಗ ಚೌಕದ ಸುಮಾರು ಎರಡೂವರೆ ಪಟ್ಟು ಅಗಲ, ಅಷ್ಟೇ. ಒಂದು ಚಿತ್ರದಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೇಷ್ಟ್ರು ಆ ಜಾಗ ದಾಟಿದ್ದರೆ ಅವರು ಕಳೆದುಹೋದರು. ಮೇಷ್ಟ್ರು ಅಷ್ಟು ವೇಗವಾಗಿ ನಡೆಯುವುದಿಲ್ಲ. ಕ್ಯಾಮೆರಾ ಮಾತ್ರ ಅಷ್ಟು ವೇಗವಾಗಿ ತಿರುಗಬಲ್ಲದು.

ಹಿಂದೆ ತಿರುಗಿ ನೋಡದ ಮೋಟಾರು

ನಾನು ತಂದದ್ದು ಎಸ್‌ಜಿ90 ಎಂಬ ನೀಲಿ ಬಣ್ಣದ, 9 ಗ್ರಾಂ ತೂಕದ ಸರ್ವೋ. ಆಟದ ವಿಮಾನಗಳ ರೆಕ್ಕೆ ಆಡಿಸಲು ಬಳಸುವಂಥದು. ಒಳಗೆ ಒಂದು ಸಣ್ಣ ಮೋಟಾರು, ಪ್ಲಾಸ್ಟಿಕ್ ಗೇರುಗಳು, ದಂಡ ಎಷ್ಟು ತಿರುಗಿದೆ ಎಂದು ಅಳೆಯುವ ಪೊಟೆನ್ಶಿಯೊಮೀಟರು, ಅಂದರೆ ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯಲ್ಲಿರುತ್ತಿದ್ದ ಸಾಮಾನು. ಕಂಪ್ಯೂಟರು ಇದಕ್ಕೆ ಸೆಕೆಂಡಿಗೆ 50 ಬಾರಿ ಒಂದು ವಿದ್ಯುತ್ ಮಿಡಿತ ಕಳಿಸುತ್ತದೆ. ಮಿಡಿತದ ಉದ್ದ 1.5 ಮಿಲಿಸೆಕೆಂಡು ಇದ್ದರೆ ‘ನೇರ ನೋಡು’ ಎಂದರ್ಥ, ಹೆಚ್ಚಿದರೆ ಒಂದು ಕಡೆಗೆ, ಕಡಿಮೆಯಾದರೆ ಇನ್ನೊಂದು ಕಡೆಗೆ.

ಇಲ್ಲಿ ಎರಡು ಕೊರತೆಗಳಿವೆ. ಎಲ್ಲಿಗೆ ಹೋಗಬೇಕು ಎಂದು ಮೋಟಾರಿಗೆ ಹೇಳಬಹುದು, ಎಷ್ಟು ವೇಗದಲ್ಲಿ ಎಂದು ಹೇಳಲು ದಾರಿಯಿಲ್ಲ. ಹೇಳಿದ ಕಡೆಗೆ ಅದು ತನ್ನ ಪೂರ್ತಿ ವೇಗದಲ್ಲಿ ನುಗ್ಗುತ್ತದೆ: 60 ಡಿಗ್ರಿಗೆ ಸುಮಾರು 0.1 ಸೆಕೆಂಡು. ಎರಡನೆಯದಾಗಿ, ತಲುಪಿದೆನೋ ಇಲ್ಲವೋ ಎಂದು ಅದು ತಿರುಗಿ ಹೇಳುವುದಿಲ್ಲ. ಕೋನ ಅಳೆಯುವ ಸಾಮಾನು ಒಳಗಿದ್ದರೂ ಅದರ ಸುದ್ದಿ ಹೊರಗೆ ಬರಲು ತಂತಿ ಇಲ್ಲ.

ಆ ಪೂರ್ತಿ ವೇಗವನ್ನು ಚಿತ್ರದ ಲೆಕ್ಕಕ್ಕೆ ತನ್ನಿ. ನನ್ನ ಕ್ಯಾಮೆರಾ ಅಡ್ಡಡ್ಡಲಾಗಿ 62 ಡಿಗ್ರಿ ನೋಡುತ್ತದೆ, ಚಿತ್ರದ ಅಗಲ 640 ಪಿಕ್ಸೆಲ್. ಒಂದು ಡಿಗ್ರಿಗೆ ಹತ್ತಿರ ಹತ್ತಿರ 10 ಪಿಕ್ಸೆಲ್ ಆಯಿತು. ಟ್ಯೂಬ್‌ಲೈಟಿನ ಮಬ್ಬು ಬೆಳಕಿನಲ್ಲಿ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಸೆಕೆಂಡಿನ ಮೂವತ್ತನೇ ಒಂದು ಭಾಗದವರೆಗೆ ಕಣ್ಣು ತೆರೆದಿರುತ್ತದೆ. ಅಷ್ಟರೊಳಗೆ ಪೂರ್ತಿ ವೇಗದ ಸರ್ವೋ 20 ಡಿಗ್ರಿ ತಿರುಗಿರುತ್ತದೆ, ಅಂದರೆ 200 ಪಿಕ್ಸೆಲ್. ಒದ್ದೆ ಬಟ್ಟೆಯಲ್ಲಿ ಬೋರ್ಡು ಒರೆಸಿದ ಹಾಗೆ ಚಿತ್ರವೆಲ್ಲ ಎಳೆದುಕೊಂಡು ಹೋಗುತ್ತದೆ. ಟ್ರ್ಯಾಕರಿಗೆ ಚಹರೆಯೂ ಸಿಗದು, ಹುಡುಕುವ ಜಾಗದೊಳಗೆ ಮೇಷ್ಟ್ರೂ ಇರರು. ಅದೇ ಸೆಕೆಂಡಿಗೆ 40 ಡಿಗ್ರಿಯಂತೆ ತಿರುಗಿಸಿದರೆ ಮಸುಕು 13 ಪಿಕ್ಸೆಲ್ಲಿಗೆ ಇಳಿಯುತ್ತದೆ. ಕಣ್ಣು ತೆರೆದಿರುವ ಹೊತ್ತನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಕಟ್ಟಿಹಾಕಿದರೆ ನಾಲ್ಕೇ ಪಿಕ್ಸೆಲ್. ಚಿತ್ರ ಸ್ವಲ್ಪ ಕಪ್ಪಾಗುತ್ತದೆ, ಆಗಲಿ, ಟ್ರ್ಯಾಕರಿಗೆ ಕಪ್ಪಾದರೂ ಅಂಚು ಸ್ಪಷ್ಟವಾದ ಚಿತ್ರವೇ ಇಷ್ಟ.

ಕ್ಯಾಮೆರಾವನ್ನು ನಯವಾಗಿ ತಿರುಗಿಸುವುದು ನೋಡಲು ಚೆಂದ ಎಂಬ ಕಾರಣಕ್ಕಷ್ಟೇ ಎಂದು ನಾನು ಬಹಳ ದಿನ ತಿಳಿದಿದ್ದೆ. ನಯವಾಗಿ ತಿರುಗದಿದ್ದರೆ ಅದಕ್ಕೆ ಕಣ್ಣೇ ಕಾಣುವುದಿಲ್ಲ.

ಹೋಲ್ಡಾನ್ ತಡವಾದರೆ

ಇನ್ನು ತೂಗಾಟದ ಮೂಲ. ಲಾರಿಯನ್ನು ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಕ್ಲೀನರು ‘ರೈಟ್, ರೈಟ್’ ಎನ್ನುತ್ತಿರುತ್ತಾನೆ. ಗೋಡೆ ಹತ್ತಿರ ಬಂದಾಗ ‘ಹೋಲ್ಡಾನ್’ ಎಂದು ಕೂಗಿ ಲಾರಿಯ ಮೈ ತಟ್ಟುತ್ತಾನೆ. ಅವನ ಕೂಗು ಡ್ರೈವರಿನ ಕಿವಿಗೆ ಎರಡು ಸೆಕೆಂಡು ತಡವಾಗಿ ಮುಟ್ಟುತ್ತದೆ ಎಂದುಕೊಳ್ಳಿ. ಎಷ್ಟೇ ನುರಿತ ಡ್ರೈವರಾದರೂ ಲಾರಿ ಗೋಡೆಗೆ ಹೋಗಿ ತಾಗುತ್ತದೆ.

ನನ್ನ ಯಂತ್ರದಲ್ಲಿ ಆಗುತ್ತಿದ್ದುದು ಇದೇ. ಕ್ಯಾಮೆರಾ ಚಿತ್ರ ಹಿಡಿಯಲು ಒಂದಿಷ್ಟು ಹೊತ್ತು, ಅದನ್ನು ಕಂಪ್ಯೂಟರಿಗೆ ದಾಟಿಸಲು ಒಂದಿಷ್ಟು, ಟ್ರ್ಯಾಕರು ಲೆಕ್ಕ ಮಾಡಲು ಒಂದಿಷ್ಟು, ಸರ್ವೋಗೆ ಮುಂದಿನ ಮಿಡಿತ ಹೋಗಲು ಒಂದಿಷ್ಟು, ಗೇರುಗಳು ತಿರುಗಲು ಇನ್ನೊಂದಿಷ್ಟು. ಒಂದೊಂದೂ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ಕೂಡಿದರೆ ಎಷ್ಟು ಎಂದು ಊಹಿಸುವುದು ಬೇಡ, ಅಳೆಯಬಹುದು. ಕ್ಯಾಮೆರಾವನ್ನು ಅಲುಗಾಡದ ಗೋಡೆಯತ್ತ ತಿರುಗಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಚೌಕ ಎಳೆಯಿರಿ. ಸರ್ವೋಗೆ 5 ಡಿಗ್ರಿ ತಿರುಗಲು ಅಪ್ಪಣೆ ಕೊಟ್ಟು, ಆ ಕ್ಷಣದಿಂದ ಎಷ್ಟನೆಯ ಚಿತ್ರದಲ್ಲಿ ಕ್ಯಾಲೆಂಡರು ಸರಿದದ್ದು ಟ್ರ್ಯಾಕರಿಗೆ ಕಂಡಿತು ಎಂದು ಎಣಿಸಿ. ನನಗೆ ಮೊದಲ ಸಲ ಬಂದ ಉತ್ತರ ಒಂಬತ್ತು. ಸೆಕೆಂಡಿಗೆ 30 ಚಿತ್ರವಾದರೆ 300 ಮಿಲಿಸೆಕೆಂಡು!

ಅಷ್ಟೊಂದು ಏಕೆ ಎಂದು ಹುಡುಕಿದರೆ ಸಿಕ್ಕಿದ್ದು ಒಂದು ಕ್ಯೂ. ಓಪನ್‌ಸಿವಿ ಚಿತ್ರ ಓದುವಾಗ ಹಿಂದಿನ ಕೆಲವು ಚಿತ್ರಗಳು ಸಾಲಿನಲ್ಲಿ ಕಾದಿರುತ್ತವೆ. ಟ್ರ್ಯಾಕರು ನಿಧಾನವಾದಷ್ಟೂ ಅದು ಓದುವುದು ಹಳಸಲು ಚಿತ್ರವನ್ನೇ. ಚಿತ್ರ ಓದುವ ಕೆಲಸವನ್ನು ಪ್ರತ್ಯೇಕಿಸಿ, ಕೊನೆಗೆ ಬಂದ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆಯುವಂತೆ ಮಾಡಿದೆ. ಆಮೇಲೆ ನಾಲ್ಕು ಚಿತ್ರಕ್ಕೆ, ಸುಮಾರು 130 ಮಿಲಿಸೆಕೆಂಡಿಗೆ ಬಂತು. ಈ ಸಾಮಾನಿನಲ್ಲಿ ಅದಕ್ಕಿಂತ ಕೆಳಗೆ ಇಳಿಸುವುದು ನನಗೆ ಆಗಲಿಲ್ಲ.

ನಾಲ್ಕೇ ಚಿತ್ರದ ತಡ ಏನು ಮಾಡೀತು? ಮೇಷ್ಟ್ರು ನಡುವಿನಿಂದ 10 ಡಿಗ್ರಿ ಬಲಕ್ಕೆ ನಿಂತಿದ್ದಾರೆ. ಪ್ರತಿ ಚಿತ್ರಕ್ಕೂ, ಕಂಡ ಅಂತರದ ಅರ್ಧದಷ್ಟು ತಿರುಗು ಎಂದು ನನ್ನ ಪ್ರೋಗ್ರಾಮು ಹೇಳುತ್ತಿತ್ತು. ಮೊದಲ ಚಿತ್ರ ನೋಡಿ 5 ಡಿಗ್ರಿ ತಿರುಗಿಸಿತು. ಎರಡನೆಯ ಚಿತ್ರ ಬಂತು. ಅದು ತಿರುಗುವ ಮೊದಲೇ ಹಿಡಿದದ್ದು, ಅದರಲ್ಲಿ ಮೇಷ್ಟ್ರು ಇನ್ನೂ 10 ಡಿಗ್ರಿ ಆಚೆಯೇ ಇದ್ದಾರೆ. ಮತ್ತೆ 5. ಮೂರನೆಯದೂ ಹಾಗೆಯೇ, ನಾಲ್ಕನೆಯದೂ. ತಾನು ತಿರುಗಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಕ್ಯಾಮೆರಾ 20 ಡಿಗ್ರಿ ಹೋಗಿ, ಮೇಷ್ಟ್ರನ್ನು 10 ಡಿಗ್ರಿ ದಾಟಿ ಆಗಿದೆ. ಇನ್ನು ವಾಪಸ್ ಬರುವಾಗ ಇದಕ್ಕಿಂತ ದೊಡ್ಡ ಜಿಗಿತ.

ಈ ತೂಗಾಟಕ್ಕೆ ಗಣಿತದಲ್ಲಿ ಖಚಿತವಾದ ಗಡಿಯಿದೆ. ನಾಲ್ಕು ಚಿತ್ರದ ತಡವಿದ್ದಾಗ ಒಂದು ಸಲಕ್ಕೆ ಅಂತರದ ಶೇ 35ಕ್ಕಿಂತ ಹೆಚ್ಚು ತಿದ್ದಲು ಹೋದರೆ ತೂಗಾಟ ಎಂದಿಗೂ ನಿಲ್ಲದು, ಬೆಳೆಯುತ್ತಲೇ ಹೋಗುತ್ತದೆ. ಒಂದು ಸಲವೂ ಗುರಿ ದಾಟದೆ ಬಂದು ನಿಲ್ಲಬೇಕೆಂದರೆ ಶೇ 8ಕ್ಕಿಂತ ಹೆಚ್ಚು ತಿದ್ದುವಂತಿಲ್ಲ. ಭಾವನಿಗೆ ಈ ಲೆಕ್ಕ ಯಂತ್ರಕ್ಕಿಂತ ಹೆಚ್ಚು ಇಷ್ಟವಾಯಿತು. ಸಾಧಿಸಿ ತೋರಿಸು ಎಂದು ಕೂತರು. ಅದು ಇಲ್ಲಿ ಬೇಡ.

ಶೇ 8 ಇಟ್ಟೆ. ತಲೆಯಾಟ ನಿಂತಿತು. ಈಗ ಹೊಸ ಕಾಯಿಲೆ: ಕ್ಯಾಮೆರಾ ಸೋಮಾರಿಯಾಯಿತು. ಮೇಷ್ಟ್ರು ನಾಲ್ಕು ಮೀಟರ್ ದೂರದಲ್ಲಿ ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ಕ್ಯಾಮೆರಾದ ಕಣ್ಣಿಗೆ ಅದು ಸೆಕೆಂಡಿಗೆ 14 ಡಿಗ್ರಿ, ಚಿತ್ರಕ್ಕೆ ಅರ್ಧ ಡಿಗ್ರಿ. ಕಂಡ ಅಂತರದ ಶೇ 8ರಷ್ಟೇ ತಿದ್ದುವ ಕ್ಯಾಮೆರಾ ಪ್ರತಿ ಚಿತ್ರಕ್ಕೆ ಅರ್ಧ ಡಿಗ್ರಿ ಚಲಿಸಬೇಕಾದರೆ ಅಂತರ ಸದಾ ಸುಮಾರು 6 ಡಿಗ್ರಿ ಇರಲೇಬೇಕು. ನಡೆಯುವಷ್ಟೂ ಹೊತ್ತು ಮೇಷ್ಟ್ರು ಚಿತ್ರದ ನಡುವಿಗಿಂತ 60 ಪಿಕ್ಸೆಲ್ ಮುಂದೆ ಇರುತ್ತಿದ್ದರು. ಚುರುಕಾಗಿಸಿದರೆ ತಲೆಯಾಟ, ತಣ್ಣಗಾಗಿಸಿದರೆ ಆಲಸ್ಯ.

ಇಂಥ ಕಡೆ ಎಲ್ಲರೂ ಹೇಳುವ ಮದ್ದು ಪಿಐಡಿ. ಈಗಿನ ಅಂತರ, ಕೂಡಿಬಂದ ಅಂತರ, ಅಂತರ ಬದಲಾಗುವ ವೇಗ, ಈ ಮೂರನ್ನೂ ತೂಗಿ ತಿದ್ದುವ ವಿಧಾನ. ಅದರ ಸಿದ್ಧಾಂತ ಬರೆದವರು ನಿಕೋಲಸ್ ಮಿನೋರ್ಸ್ಕಿ, 1922ರಲ್ಲಿ. ಅಮೆರಿಕದ ನೌಕಾಪಡೆಯ ಹಡಗುಗಳಿಗೆ ತಾನೇ ತಾನಾಗಿ ಚುಕ್ಕಾಣಿ ತಿರುಗಿಸುವ ಯಂತ್ರ ಮಾಡಲು ಹೊರಟವರು ಅವರು. ಪ್ರಯೋಗ ನಡೆದದ್ದು ‘ನ್ಯೂ ಮೆಕ್ಸಿಕೊ’ ಎಂಬ ಯುದ್ಧನೌಕೆಯಲ್ಲಿ. ಹಡಗು ದಾರಿಯಿಂದ ಎಷ್ಟು ಸರಿದಿದೆ ಎಂಬುದನ್ನು ಮಾತ್ರವಲ್ಲ, ಎಷ್ಟು ವೇಗವಾಗಿ ಸರಿಯುತ್ತಿದೆ ಎಂಬುದನ್ನೂ ನುರಿತ ಚುಕ್ಕಾಣಿಗಾರ ಲೆಕ್ಕಕ್ಕೆ ಹಿಡಿಯುತ್ತಾನೆ, ಹಡಗು ನೇರವಾಗುವ ಮುಂಚೆಯೇ ಕೈ ಸಡಿಲಿಸುತ್ತಾನೆ. ಆ ಕೈಯ ನಡವಳಿಕೆಯನ್ನೇ ಮಿನೋರ್ಸ್ಕಿ ಸೂತ್ರಕ್ಕೆ ಇಳಿಸಿದರು.

ವಿಧಾನ ಒಳ್ಳೆಯದೇ. ಆದರೆ ಮೂರು ಸಂಖ್ಯೆಗಳನ್ನು ಏರಿಸಿ ಇಳಿಸಿ ನಾನು ಕಳೆದ ಎರಡು ವಾರದಲ್ಲಿ ಕಲಿತದ್ದು, ತಡವನ್ನು ಸಂಖ್ಯೆ ತಿರುಪಿ ಗೆಲ್ಲಲಾಗದು ಎಂಬುದನ್ನು. ಒಂದು ನಡಿಗೆಗೆ ಸರಿಹೊಂದಿಸಿದ ಸಂಖ್ಯೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಲಾರಿ ಡ್ರೈವರು ಎಷ್ಟು ಮೆಲ್ಲಗೆ ಬ್ರೇಕು ಒತ್ತಬೇಕು ಎಂಬುದು ಪ್ರಶ್ನೆಯೇ ಅಲ್ಲ. ಕೂಗು ಎರಡು ಸೆಕೆಂಡು ಹಳೆಯದು ಎಂದು ಗೊತ್ತಿದ್ದರೆ, ಆ ಎರಡು ಸೆಕೆಂಡಿನಲ್ಲಿ ತನ್ನ ಲಾರಿ ಎಷ್ಟು ಉರುಳಿತು ಎಂಬುದೂ ಅವನಿಗೆ ಗೊತ್ತಲ್ಲ. ಅಷ್ಟನ್ನು ಕಳೆದರೆ ಗೋಡೆ ಈಗ ಎಷ್ಟು ದೂರ ಎಂಬುದು ತಿಳಿಯುತ್ತದೆ.

ಅಂತರ ಬಿಟ್ಟು ದಿಕ್ಕು ಹಿಡಿದದ್ದು

ಹಾಗೆ ಬದಲಿಸಿದ್ದು ಒಂದೇ ವಿಷಯ. ‘ಮೇಷ್ಟ್ರು ಚಿತ್ರದ ನಡುವಿನಿಂದ ಎಷ್ಟು ದೂರ’ ಎಂದು ಕೇಳುವುದನ್ನು ಬಿಟ್ಟು ‘ಮೇಷ್ಟ್ರು ತರಗತಿಯ ಯಾವ ದಿಕ್ಕಿನಲ್ಲಿದ್ದಾರೆ’ ಎಂದು ಕೇಳುವುದು. ಕ್ಯಾಮೆರಾ ಆ ಚಿತ್ರ ಹಿಡಿದಾಗ 20 ಡಿಗ್ರಿಯತ್ತ ನೋಡುತ್ತಿತ್ತು, ಚಿತ್ರದಲ್ಲಿ ಮೇಷ್ಟ್ರು ನಡುವಿನಿಂದ 5 ಡಿಗ್ರಿ ಬಲಕ್ಕಿದ್ದರು ಎಂದರೆ ಅವರ ದಿಕ್ಕು 25 ಡಿಗ್ರಿ. ಚಿತ್ರ ಹಿಡಿದ ಮೇಲೆ ಕ್ಯಾಮೆರಾ ಎಷ್ಟಾದರೂ ತಿರುಗಿರಲಿ, ಆ 25 ಬದಲಾಗದು. ಮೇಷ್ಟ್ರು ನಿಂತಿದ್ದರೆ ಗುರಿಯೂ ನಿಂತಿರುತ್ತದೆ, ತೂಗಾಟಕ್ಕೆ ಕಾರಣವೇ ಇರುವುದಿಲ್ಲ.

ಇದಕ್ಕೆ ಬೇಕಾದದ್ದು ಚಿತ್ರ ಹಿಡಿದಾಗ ಕ್ಯಾಮೆರಾ ಯಾವ ಕಡೆಗಿತ್ತು ಎಂಬ ನೆನಪು. ಸರ್ವೋ ತಿರುಗಿ ಸುದ್ದಿ ಹೇಳುವುದಿಲ್ಲವಲ್ಲ, ಆದ್ದರಿಂದ ನಾನು ಕೊಟ್ಟ ಅಪ್ಪಣೆಗಳನ್ನೇ ದಿನಚರಿಯಂತೆ ಬರೆದಿಟ್ಟುಕೊಂಡೆ. ಈಗ ಕೈಯಲ್ಲಿರುವ ಚಿತ್ರ 130 ಮಿಲಿಸೆಕೆಂಡಿನ ಹಿಂದಿನ ಅಪ್ಪಣೆಗೆ ಸೇರಿದ್ದು. ಕ್ಯಾಲೆಂಡರಿನ ಪರೀಕ್ಷೆಯಲ್ಲಿ ಅಳೆದದ್ದು ಇದನ್ನೇ. ಆದರೆ ಅಪ್ಪಣೆಯ ದಿನಚರಿ ನಂಬಿಕೆಗೆ ಯೋಗ್ಯವಾಗಬೇಕಾದರೆ ಸರ್ವೋ ಅಪ್ಪಣೆಯ ಬೆನ್ನಿಗೇ ಇರಬೇಕು. ಒಮ್ಮೆಗೇ 30 ಡಿಗ್ರಿ ಜಿಗಿ ಎಂದರೆ ಅದು ದಾರಿಯಲ್ಲಿ ಎಲ್ಲಿದೆ ಎಂದು ಹೇಳುವುದು ಕಷ್ಟ. ಸಣ್ಣ ಸಣ್ಣ ಹೆಜ್ಜೆಯಲ್ಲಿ ನಡೆಸಿದರೆ ಅದು ಎಂದೂ ಹಿಂದುಳಿಯುವುದಿಲ್ಲ. ಸೆಕೆಂಡಿಗೆ 600 ಡಿಗ್ರಿ ಓಡಬಲ್ಲ ಮೋಟಾರಿಗೆ 40 ಡಿಗ್ರಿಯ ನಡಿಗೆ ಏನೂ ಅಲ್ಲ.

ಪ್ರೋಗ್ರಾಮು ಬರೆಯುವವರಿಗಾಗಿ ಅದರ ತಿರುಳು ಇಷ್ಟು. ಮೊದಲ ಸಾಲು ಹೊಸ ಚಿತ್ರ ಬಂದಾಗಲೆಲ್ಲ, ಉಳಿದ ನಾಲ್ಕು ಸಾಲು ಸೆಕೆಂಡಿಗೆ 50 ಸಲ ನಡೆಯುತ್ತವೆ:

```python
seen = angle_at(now - 0.13) + degrees(atan((cx - 320) / 530))

gap  = seen + speed * 0.13 - cmd
want = max(-40, min(40, speed + 2.5 * gap))
vel += max(-2, min(2, want - vel))
cmd += vel * 0.02
```

`cx` ಎಂದರೆ ಚೌಕದ ನಡುವಿನ ಪಿಕ್ಸೆಲ್, `cmd` ಸರ್ವೋಗೆ ಹೋಗುವ ಅಪ್ಪಣೆ. 530 ಎಂಬುದು ನನ್ನ ಲೆನ್ಸಿನ ಸಂಖ್ಯೆ: 62 ಡಿಗ್ರಿ ನೋಟವನ್ನು 640 ಪಿಕ್ಸೆಲ್ಲಿಗೆ ಹಂಚಿದಾಗ ಬರುವಂಥದ್ದು. `speed` ಮೇಷ್ಟ್ರ ನಡಿಗೆಯ ವೇಗ, ಒಂದರ ಹಿಂದೆ ಒಂದು ಬಂದ `seen` ಬೆಲೆಗಳ ವ್ಯತ್ಯಾಸದಿಂದ ತೆಗೆದು, ಹಲವು ಚಿತ್ರಗಳ ಮೇಲೆ ಸರಾಸರಿ ಮಾಡಿದ್ದು. ಸರಾಸರಿ ಮಾಡದಿದ್ದರೆ ಚೌಕದ ಸಣ್ಣ ನಡುಕವೂ ದೊಡ್ಡ ವೇಗದಂತೆ ತೋರಿ ಕ್ಯಾಮೆರಾ ಬೆಚ್ಚುತ್ತದೆ. ಆ ವೇಗವನ್ನು 0.13ರಿಂದ ಗುಣಿಸಿದರೆ, ಚಿತ್ರ ಹಿಡಿದಂದಿನಿಂದ ಈಗಿನವರೆಗೆ ಮೇಷ್ಟ್ರು ಎಷ್ಟು ನಡೆದಿರಬಹುದು ಎಂಬ ಅಂದಾಜು ಸಿಗುತ್ತದೆ, ಅವರ ಮಾಮೂಲಿ ನಡಿಗೆಗೆ ಹೆಚ್ಚು ಕಡಿಮೆ 2 ಡಿಗ್ರಿ. ಮಿನೋರ್ಸ್ಕಿಯ ಚುಕ್ಕಾಣಿಗಾರ ಇಲ್ಲಿ ಒಳಗೆ ಬರುತ್ತಾನೆ. ಕೊನೆಯ ಎರಡು ಸಾಲುಗಳು ವೇಗ ಒಮ್ಮೆಗೇ ಏರದಂತೆ, ಇಳಿಯದಂತೆ ತಡೆಯುತ್ತವೆ. ಬಸ್ಸು ನಿಲ್ದಾಣದಿಂದ ಹೊರಡುವ ಹಾಗೆ ಕ್ಯಾಮೆರಾ ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುತ್ತದೆ.

ಮುಂದಿನ ಭಾನುವಾರ ಭಾವ ಬೋರ್ಡಿನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರು, ಕ್ಯಾಮೆರಾ ಜೊತೆಗೇ ಹೋಯಿತು. ಅವರು ನಿಂತಾಗ ಒಂದು ಡಿಗ್ರಿಯಷ್ಟು ಮುಂದೆ ಹೋಗಿ ಹಿಂದೆ ಬಂದು ನಿಂತಿತು. ಮುಂದಾಗಿ ಊಹಿಸುವ ಯಾವ ಯಂತ್ರಕ್ಕೂ ಇದು ತಪ್ಪದು: ನಡೆಯುವವ ನಿಲ್ಲುತ್ತಾನೆಂದು ಅದಕ್ಕೆ ಮೊದಲೇ ಹೇಗೆ ಗೊತ್ತಾಗಬೇಕು?

ಆದರೂ ವಿಡಿಯೊ ನೋಡಿದರೆ ಏನೋ ಸರಿಯಿಲ್ಲ. ಮೇಷ್ಟ್ರು ಚಿತ್ರದ ನಟ್ಟನಡುವೆ ಮೊಳೆ ಹೊಡೆದಂತೆ ನಿಂತಿದ್ದಾರೆ, ಹಿಂದಿನ ಬೋರ್ಡು ಮಾತ್ರ ಅಲೆಯುತ್ತಿದೆ. ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರೂ ಬೋರ್ಡು ತೂಗುತ್ತದೆ. ನೋಡಿದವರಿಗೆ ತಲೆಸುತ್ತು. ಮದುವೆಮನೆಯ ಒಳ್ಳೆಯ ವಿಡಿಯೊದವರನ್ನು ಗಮನಿಸಿ. ಮದುಮಗಳು ಮುಖ ತಿರುಗಿಸಿದ್ದಕ್ಕೆಲ್ಲ ಅವರು ಕ್ಯಾಮೆರಾ ತಿರುಗಿಸುವುದಿಲ್ಲ. ಅವಳು ಎದ್ದು ಹೊರಟ ಮೇಲಷ್ಟೇ ಹೊರಡುತ್ತಾರೆ. ನಾನೂ ಹಾಗೇ ಮಾಡಿದೆ. ಚಿತ್ರದ ನಡುವಿನ ಐದನೇ ಒಂದು ಭಾಗದೊಳಗೆ ಮೇಷ್ಟ್ರು ಏನಾದರೂ ಮಾಡಿಕೊಳ್ಳಲಿ, ಕ್ಯಾಮೆರಾ ಅಲುಗದು. ಆ ಗೆರೆ ದಾಟಿದರೆ ಹೊರಡುತ್ತದೆ. ಒಮ್ಮೆ ಹೊರಟ ಮೇಲೆ ಗೆರೆಯೊಳಗೆ ಬಂದರೆ ಸಾಲದು, ಮೇಷ್ಟ್ರು ನಿಂತು, ನಡುವಿಗೆ ಒಂದೂವರೆ ಡಿಗ್ರಿ ಹತ್ತಿರವಾಗುವ ತನಕ ಹಿಂಬಾಲಿಸುತ್ತದೆ. ಹೊರಡುವ ಗೆರೆ ಮತ್ತು ನಿಲ್ಲುವ ಗೆರೆ ಬೇರೆ ಬೇರೆ ಇರದಿದ್ದರೆ ಗಡಿಯ ಮೇಲೆ ನಿಂತ ಮೇಷ್ಟ್ರನ್ನು ನೋಡುತ್ತ ಅದು ಹೊರಟು ನಿಂತು, ಹೊರಟು ನಿಂತು ಮಾಡುತ್ತದೆ.

ಟಿಲ್ಟ್ ಮೋಟಾರಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಮೇಷ್ಟ್ರು ಎತ್ತರ ಬದಲಿಸುವುದಿಲ್ಲ. ಅದೇ ಲೆಕ್ಕ, ಕಾಲು ಭಾಗದ ವೇಗ. ಆದರೆ ಆಕಾಶದ ಹಕ್ಕಿಯ ಹಿಂದೆ ಹೋಗುವವರು ಒಂದನ್ನು ತಿಳಿದಿರಬೇಕು: ಕ್ಯಾಮೆರಾ ತಲೆ ಎತ್ತಿದಷ್ಟೂ, ಚಿತ್ರದಲ್ಲಿ ಅಷ್ಟೇ ಅಡ್ಡ ಸರಿಯಲು ಪ್ಯಾನ್ ಹೆಚ್ಚು ತಿರುಗಬೇಕಾಗುತ್ತದೆ. 60 ಡಿಗ್ರಿ ಎತ್ತಿದಾಗ ದುಪ್ಪಟ್ಟು. ಹಕ್ಕಿ ನೆತ್ತಿಯ ಮೇಲೆ ಹಾದರೆ ಯಾವ ಪ್ಯಾನ್ ಮೋಟಾರೂ ಅದನ್ನು ಹಿಡಿಯಲಾರದು.

ಉಳಿದ ನಡುಕ

ಲೆಕ್ಕ ಸರಿಯಾದ ಮೇಲೂ ಒಂದು ಸಣ್ಣ ನಡುಕ ಉಳಿದಿತ್ತು. ಮೇಷ್ಟ್ರು ನಿಧಾನವಾಗಿ ನಡೆದಾಗ ಕ್ಯಾಮೆರಾ ಗಡಿಯಾರದ ಮುಳ್ಳಿನಂತೆ ಟಕ್ ಟಕ್ ಎಂದು ಹೆಜ್ಜೆ ಹಾಕುತ್ತಿತ್ತು. ಇದು ಪ್ರೋಗ್ರಾಮಿನ ತಪ್ಪಲ್ಲ. ಮಿಡಿತ ಕಳಿಸಲು ನಾನು ಬಳಸಿದ ಪಿಸಿಎ9685 ಎಂಬ ಚಿಪ್ಪು 20 ಮಿಲಿಸೆಕೆಂಡನ್ನು 4096 ಭಾಗ ಮಾಡುತ್ತದೆ. ಒಂದು ಭಾಗ ಸುಮಾರು 5 ಮೈಕ್ರೊಸೆಕೆಂಡು. ನನ್ನ ಸರ್ವೋದಲ್ಲಿ ಅದು ಅರ್ಧ ಡಿಗ್ರಿಗೆ ಹತ್ತಿರ, ಅಂದರೆ 4–5 ಪಿಕ್ಸೆಲ್. ಅದಕ್ಕಿಂತ ಸಣ್ಣ ಹೆಜ್ಜೆ ಇಡಲು ಬರುವುದಿಲ್ಲ. ಸಾಲದ್ದಕ್ಕೆ ಅಗ್ಗದ ಸರ್ವೋ 10 ಮೈಕ್ರೊಸೆಕೆಂಡಿಗಿಂತ ಚಿಕ್ಕ ಬದಲಾವಣೆಯನ್ನು ಗಮನಿಸುವುದೇ ಇಲ್ಲ, ಕೂಡಿಕೊಂಡು ದೊಡ್ಡದಾದ ಮೇಲೆ ಒಮ್ಮೆಗೇ ಜಿಗಿಯುತ್ತದೆ. ಚಿಪ್ಪು ತೆಗೆದು ಪೈ ಗಣಕದ ಪಿನ್ನುಗಳಿಂದಲೇ ಮಿಡಿತ ಕಳಿಸೋಣ ಎಂದರೆ, ಕಂಪ್ಯೂಟರಿಗೆ ಬೇರೆ ಕೆಲಸ ಬಂದಾಗ ಸಾಮಾನ್ಯ ಪ್ರೋಗ್ರಾಮಿನ ಮಿಡಿತದ ಉದ್ದ ಹೆಚ್ಚುಕಡಿಮೆಯಾಗಿ ಕ್ಯಾಮೆರಾ ಚಳಿ ಹಿಡಿದಂತೆ ನಡುಗುತ್ತದೆ. ಹಾರ್ಡ್‌ವೇರಿನ ಸಮಯ ಬಳಸುವ `pigpio` ಅದಕ್ಕೆ ಪರಿಹಾರ.

ಕೊನೆಗೆ ಕೆಲಸಕ್ಕೆ ಬಂದದ್ದು ಮೋಟಾರು ಬದಲಿಸಿದ್ದು: ಲೋಹದ ಗೇರಿನ ಡಿಜಿಟಲ್ ಸರ್ವೋ, ಕೆಳಗೆ ಭಾರ ಹೊರಲು ಒಂದು ಬೇರಿಂಗು. ಗೇರುಗಳ ನಡುವೆ ಉಳಿದ ಸಡಿಲವನ್ನು ತಿನ್ನಲು ಚೌಕಟ್ಟಿನಿಂದ ಕ್ಯಾಮೆರಾಗೆ ಒಂದು ರಬ್ಬರ್ ಬ್ಯಾಂಡು ಬಿಗಿದೆ. ಹಲ್ಲುಗಳು ಸದಾ ಒಂದೇ ಕಡೆ ಒತ್ತಿಕೊಂಡಿರುತ್ತವೆ. ಇಡೀ ಯಂತ್ರದಲ್ಲಿ ಅತ್ಯಂತ ಅಗ್ಗದ ಭಾಗ ಅದು, ನನ್ನ ಪ್ರಕಾರ ಅತ್ಯಂತ ಲಾಭದ್ದೂ ಹೌದು.

ಇನ್ನೊಂದು ಎಡವಟ್ಟು ಕರೆಂಟಿನದು. ಪೈಗೆ ಬರುವ 5 ವೋಲ್ಟಿನಿಂದಲೇ ಸರ್ವೋಗಳಿಗೂ ಕೊಟ್ಟಿದ್ದೆ. ಮೋಟಾರು ಜೋರಾಗಿ ಎಳೆದಾಗಲೆಲ್ಲ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಹೋಗುತ್ತಿತ್ತು. ವೋಲ್ಟೇಜು ಸುಮಾರು 4.63ಕ್ಕಿಂತ ಇಳಿದಾಗ ಪೈ ಕೊಡುವ ಎಚ್ಚರಿಕೆ ಅದು. ಆಗ ಅದು ತನ್ನ ವೇಗ ಕುಗ್ಗಿಸುತ್ತದೆ, ಟ್ರ್ಯಾಕರು ನಿಧಾನವಾಗುತ್ತದೆ, ನಾಲ್ಕು ಚಿತ್ರದ ತಡ ಆರಾಗುತ್ತದೆ, ತಲೆಯಾಟ ಮರಳುತ್ತದೆ. ಸರ್ವೋಗೆ ಬೇರೆ ಸಪ್ಲೈ ಕೊಟ್ಟು ನೆಗೆಟಿವ್ ತಂತಿಯನ್ನಷ್ಟೇ ಜೋಡಿಸಿದ ಮೇಲೆ ಸರಿಹೋಯಿತು.

ಟ್ರ್ಯಾಕರು ಮೋಸಹೋಗುವುದು ಬೇರೆ ರೀತಿ. ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ ಎರಡು ನಿಮಿಷ ಬರೆಯುತ್ತ ನಿಂತರೆ ಚೌಕದೊಳಗೆ ಬೋರ್ಡಿನ ಭಾಗವೂ ಇರುತ್ತದೆ, ಚಹರೆಯಲ್ಲಿ ಅದೂ ಬೆರೆಯುತ್ತದೆ. ಅವರು ಹೊರಟಾಗ ಚೌಕ ಬೋರ್ಡಿನ ಮೇಲೇ ಉಳಿದುಬಿಡುತ್ತದೆ, ಅದೂ ಪೂರ್ಣ ನಂಬಿಕೆಯಿಂದ. ‘ಕಳೆದುಕೊಂಡೆ’ ಎಂದು ಅದು ತಾನಾಗಿ ಹೇಳುವುದು ಅಪರೂಪ. ಮೊಸ್ಸೆಯಲ್ಲಿ ಹೊಂದಿಕೆಯ ಶಿಖರ ಸುತ್ತಲಿನದಕ್ಕಿಂತ ಎಷ್ಟು ಚೂಪಾಗಿದೆ ಎಂದು ಅಳೆಯುವ ಅಂಕವಿದೆ. ಸರಿಯಾಗಿ ನಡೆಯುವಾಗ ಅದು 20ರಿಂದ 60ರ ನಡುವೆ ಇರುತ್ತದೆ, 7ರ ಹತ್ತಿರ ಇಳಿದರೆ ವಸ್ತು ಮರೆಯಾಗಿದೆ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಆದರೆ ಮೆಲ್ಲಮೆಲ್ಲನೆ ದಾರಿ ತಪ್ಪಿದಾಗ ಅಂಕ ಬೀಳುವುದಿಲ್ಲ. ಅದಕ್ಕಾಗಿ ಮನುಷ್ಯಾಕೃತಿಯನ್ನು ಗುರುತಿಸುವ ಇನ್ನೊಂದು ಪ್ರೋಗ್ರಾಮನ್ನು ಸೆಕೆಂಡಿಗೊಮ್ಮೆ ಓಡಿಸಿ, ಚೌಕದೊಳಗೆ ಮನುಷ್ಯನಿದ್ದಾನೆಯೇ ಎಂದು ತಪಾಸಣೆ ಮಾಡಿಸುತ್ತೇನೆ. ಇಲ್ಲದಿದ್ದರೆ ಕ್ಯಾಮೆರಾ ಕೊನೆಯ ವೇಗದಲ್ಲೇ ಅರ್ಧ ಸೆಕೆಂಡು ಸಾಗಿ ನಿಂತುಕೊಳ್ಳುತ್ತದೆ, ಮನುಷ್ಯ ಕಂಡಾಗ ಹೊಸ ಚೌಕ ಎಳೆದುಕೊಳ್ಳುತ್ತದೆ. ಕಳೆದುಹೋದ ಕೂಡಲೇ ಹುಡುಕುತ್ತ ತಿರುಗುವಂತೆ ಮೊದಲು ಮಾಡಿದ್ದೆ. ಹಾಗೆ ತಿರುಗಿ ಅದು ಸಿಗಬೇಕಾದವರನ್ನೂ ಕಳೆದುಕೊಳ್ಳುತ್ತಿತ್ತು.

ಈಗ ಯಂತ್ರ ತರಗತಿಯ ಹಿಂದಿನ ಕಪಾಟಿನ ಮೇಲೆ ಕೂತಿದೆ. ಭಾವನ ದೂರು ಒಂದೇ: ಯಾರಾದರೂ ಹುಡುಗನನ್ನು ಬೋರ್ಡಿಗೆ ಕರೆದರೆ, ಇಬ್ಬರೂ ಎದುರುಬದುರು ದಾಟುವಾಗ ಕೆಲವೊಮ್ಮೆ ಚೌಕ ಹುಡುಗನ ಬೆನ್ನು ಹತ್ತಿ ಅವನ ಬೆಂಚಿನವರೆಗೂ ಹೋಗುತ್ತದೆ. ತಪಾಸಣೆಗೆ ಬರುವ ಪ್ರೋಗ್ರಾಮೂ ಮನುಷ್ಯನಿದ್ದಾನೆ ಎಂದು ಒಪ್ಪಿಬಿಡುತ್ತದೆ. ಅದಕ್ಕೆ ನನ್ನಲ್ಲಿ ಇನ್ನೂ ಮದ್ದಿಲ್ಲ. ಇಂಥದ್ದನ್ನು ಕಟ್ಟಲು ಹೊರಟಿದ್ದರೆ, ಮೂರು ಸಂಖ್ಯೆಗಳನ್ನು ತಿರುಪಲು ಕೂರುವ ಮೊದಲು ಗೋಡೆಯ ಕ್ಯಾಲೆಂಡರಿನತ್ತ ಕ್ಯಾಮೆರಾ ತಿರುಗಿಸಿ, 5 ಡಿಗ್ರಿ ಅಪ್ಪಣೆ ಕೊಟ್ಟು, ಚಿತ್ರಗಳನ್ನು ಎಣಿಸಿ.